ಚಾನೆಲ್ 36ರಲ್ಲೇ ಇಟ್ಟಿದ್ದೇನೆ, ಆದರೂ ರಾಡಾರ್ ಅಂತ ಹೇಳಿ ವೈಫೈ ಮಾಯ. ಯಾಕೆ?

ಉಪ್ಪಳದ ಪ್ರಸಾದ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮನೆ ಉಪ್ಪಳದಲ್ಲಿ, ಕೆಲಸ ಬೆಂಗಳೂರಿನ ಕಂಪನಿಗೆ. ಮೇಲಿನ ಮಹಡಿಯ ಕೋಣೆಯೇ ನನ್ನ ಆಫೀಸು. ಕಿಟಕಿ ತೆರೆದರೆ ಪಡುವಣಕ್ಕೆ ತೆಂಗಿನ ತೋಟ, ಅದರಾಚೆ ಸಮುದ್ರ. ರೌಟರ್ ಆ ಕಿಟಕಿಯ ದಂಡೆಯ ಮೇಲೇ ಉಂಟು.

ಎರಡು ತಿಂಗಳ ಹಿಂದೆ ಹೊಸ ರೌಟರ್ ತಗೊಂಡೆ. ಹಗಲೆಲ್ಲ ಚೆನ್ನಾಗಿ ಓಡುತ್ತದೆ. ಸಂಜೆ ಏಳರ ನಂತರ ಒಮ್ಮೆಲೇ 5 ಗಿಗಾಹರ್ಟ್ಸ್‌ನ ಹೆಸರು ಫೋನಿನ ಪಟ್ಟಿಯಿಂದಲೇ ಹೋಗಿಬಿಡುತ್ತದೆ. ಸಿಗ್ನಲ್ ಕಮ್ಮಿಯಾಗುವುದಲ್ಲ, ಹೆಸರೇ ಇಲ್ಲ. ಒಂದು ನಿಮಿಷ ಚಿಲ್ಲರೆ ಕಳೆದ ಮೇಲೆ ವಾಪಸ್. ಮತ್ತೆ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಅದೇ ಕಥೆ. ಅಷ್ಟೊತ್ತೂ 2.4 ಗಿಗಾಹರ್ಟ್ಸ್ ಅಲ್ಲಾಡುವುದಿಲ್ಲ, ಫೈಬರ್ ಡಬ್ಬಿಯ ದೀಪವೂ ಹಸಿರೇ. ಹಾಗಾಗಿ ಲೈನಿನ ತೊಂದರೆ ಅಲ್ಲ ಅಂತ ನನಗೆ ಗ್ಯಾರಂಟಿ.

ಇವತ್ತು ರೌಟರ್‌ನ ಸಿಸ್ಟಂ ಲಾಗ್ ತೆರೆದು ನೋಡಿದೆ. ಉದ್ದದ ಸಾಲುಗಳ ಬಾಲ ಕತ್ತರಿಸಿ ಹಾಕುತ್ತಿದ್ದೇನೆ:

```
19:42:07 DFS-RADAR-DETECTED freq=5180 chan_width=5 cf1=5250
19:42:08 DFS-CAC-START freq=5500 chan=100 cac_time=60s
19:43:09 DFS-CAC-COMPLETED success=1 freq=5500
20:12:07 DFS-NOP-FINISHED freq=5260
20:12:10 DFS-CAC-START freq=5180 chan=36 cac_time=60s
20:13:11 DFS-CAC-COMPLETED success=1 freq=5180
```

ನನ್ನ ತಲೆ ಕೆಟ್ಟದ್ದು ಇಲ್ಲಿ. ಡಿಎಫ್‌ಎಸ್, ಅಂದರೆ ರಾಡಾರ್ ಕೇಳಿಸಿದರೆ ವೈಫೈ ಜಾಗ ಬಿಟ್ಟು ಹೋಗಬೇಕು ಅನ್ನುವ ನಿಯಮ, 52ರಿಂದ ಮೇಲಿನ ಚಾನೆಲ್‌ಗಳಿಗೆ ಮಾತ್ರ ಅಂತ ಓದಿದ್ದೇನೆ. ನಾನು ಮೊದಲ ದಿನವೇ 36 ಅಂತ ಕೈಯಾರೆ ಹಾಕಿದ್ದೇನೆ. 36ಕ್ಕೂ ರಾಡಾರಿಗೂ ಏನು ಸಂಬಂಧ?

ಸಿಗ್ನಲ್ ಶೆಟ್ಟಿ · ರಾತ್ರಿ 9:58

ಇದು ಗಲ್ಫ್ ರೌಟರ್ ಅಲ್ವಾ? ಭಾವನೋ ಅಣ್ಣನೋ ದುಬೈಯಿಂದ ತಂದದ್ದು? ನಮ್ಮ ಕಾಸರಗೋಡಿನಲ್ಲಿ ಅರ್ಧ ಮನೆಗಳಲ್ಲಿ ಅದೇ ಇರುವುದು. ಹೊರಗಿನ ರೌಟರಿಗೆ ಈ ಡಿಎಫ್‌ಎಸ್ ಗಲಾಟೆ ಇರುತ್ತದೆ, ಇಲ್ಲಿ ಮಾರುವ ರೌಟರಿಗೆ ಅದೆಲ್ಲ ಇಲ್ಲ. ನನ್ನ ಹತ್ತಿರ ಯುರೋಪಿನದ್ದು ಒಂದು ಇತ್ತು. ಆನ್ ಮಾಡಿದರೆ 5 ಗಿಗಾಹರ್ಟ್ಸ್ ಬರಲಿಕ್ಕೆ ಹತ್ತು ನಿಮಿಷ! ಚಾ ಕುಡಿದು ಬಂದರೂ ಬಂದಿರುವುದಿಲ್ಲ.

ಸೆಟ್ಟಿಂಗ್‌ನಲ್ಲಿ ದೇಶ ಬದಲಾಯಿಸಿ ನೋಡಿ. ಡಿಎಫ್‌ಎಸ್ ಇಲ್ಲದ ಯಾವುದಾದರೂ ದೇಶ ಹಾಕಿದರೆ ಮುಗಿಯಿತು.

ಉಪ್ಪಳದ ಪ್ರಸಾದ · ರಾತ್ರಿ 10:05

ಇಲ್ಲ ಶೆಟ್ರೇ, ಇದು ಮಂಗಳೂರಿನ ಅಂಗಡಿಯಲ್ಲಿ ತಗೊಂಡದ್ದು, ಬಿಲ್ಲು ಉಂಟು. ದೇಶ ಭಾರತ ಅಂತಲೇ ಇದೆ, ಬದಲಾಯಿಸಲಿಕ್ಕೆ ಆಗುವುದೂ ಇಲ್ಲ.

ಕುಂಬಳೆ ಕಿಟ್ಟಣ್ಣ · ರಾತ್ರಿ 10:11

ನಮ್ಮಲ್ಲೂ 5ಜಿ ಹೀಗೇ ಮಾರಾಯ್ರೇ. ಸಂಜೆ ಆದರೆ 4ಜಿಗೆ ಬೀಳುತ್ತದೆ. ಟವರಿನಲ್ಲಿ ಜನ ಜಾಸ್ತಿ ಆಗುವುದು. ಸಿಮ್ ಬದಲಿಸಿ ನೋಡಿ.

ಉಪ್ಪಳದ ಪ್ರಸಾದ · ರಾತ್ರಿ 10:13

ಕಿಟ್ಟಣ್ಣ, ಅದು ಮೊಬೈಲಿನ 5ಜಿ. ಇದು ಮನೆಯ ವೈಫೈ, ಹೆಸರಿನ ಕೊನೆಗೆ 5ಜಿ ಅಂತ ಬರುವುದಷ್ಟೇ. ಎರಡೂ ಬೇರೆ ಬೇರೆ.

ಮುಳ್ಳೇರಿಯದ ವಿದ್ಯಾ · ರಾತ್ರಿ 10:47

ಪ್ರಸಾದರೇ, ವೈಫೈ ಸೆಟ್ಟಿಂಗ್ ಪೇಜಿನಲ್ಲಿ ಚಾನೆಲ್‌ನ ಕೆಳಗೆ ಅಗಲ ಅಂತ ಇನ್ನೊಂದು ಆಯ್ಕೆ ಇರುತ್ತದೆ. ಅಲ್ಲಿ ಎಷ್ಟಿದೆ ನೋಡಿ. 160 ಇರುತ್ತದೆ ಅಂತ ನನ್ನ ಅಂದಾಜು. ನಿಮ್ಮ ಲಾಗಿನ ಮೊದಲ ಸಾಲೇ ಅದನ್ನು ಹೇಳುತ್ತಿದೆ.

ಉಪ್ಪಳದ ಪ್ರಸಾದ · ರಾತ್ರಿ 10:52

ಹೌದು, 160! ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿತ್ತು, ಅದಕ್ಕೇ ಆನ್ ಮಾಡಿದ್ದೆ. ಹೇಗೆ ಗೊತ್ತಾಯಿತು ಅಕ್ಕಾ?

ಮುಳ್ಳೇರಿಯದ ವಿದ್ಯಾ · ರಾತ್ರಿ 11:20

`freq=5180` ಅಂದರೆ ಚಾನೆಲ್ 36, ಸರಿ. ಆದರೆ ಪಕ್ಕದಲ್ಲಿ `cf1=5250` ಅಂತ ಇದೆ ನೋಡಿ. ಅದು ನಿಮ್ಮ ಪೂರ್ತಿ ಪಟ್ಟಿಯ ನಡು. `chan_width=5` ಅಂದರೆ ಅಗಲ 160. ನಡುವಿನಿಂದ ಆಚೆ 80, ಈಚೆ 80 ಮೆಗಾಹರ್ಟ್ಸ್ ಲೆಕ್ಕ ಹಾಕಿ. 5170ರಿಂದ 5330ರ ತನಕ ನಿಮ್ಮ ರೌಟರ್ ಕೂತಿದೆ.

ವೈಫೈಯ ಒಂದು ಚಾನೆಲ್ ಅಂದರೆ 20 ಮೆಗಾಹರ್ಟ್ಸ್‌ನ ಒಂದು ಕೋಣೆ. 160 ಬೇಕು ಅಂದರೆ ಅಂಥ ಎಂಟು ಕೋಣೆ ಬೇಕು. 36, 40, 44, 48 ಸಾಲುವುದಿಲ್ಲ, ಗೋಡೆ ಒಡೆದು 52, 56, 60, 64ನ್ನೂ ಸೇರಿಸಿಕೊಳ್ಳಬೇಕು. ಮೊದಲ ನಾಲ್ಕು ಕೋಣೆ ಯಾರ ಹಂಗೂ ಇಲ್ಲದ್ದು. ಆಮೇಲಿನ ನಾಲ್ಕರಲ್ಲಿ ನಾವು ಬಾಡಿಗೆಯವರು, ಮನೆ ರಾಡಾರಿನದ್ದು. ನೀವು ಹಾಕಿದ 36 ಬಾಗಿಲಿನ ನಂಬರ್ ಅಷ್ಟೇ. ರೌಟರ್ ಆ ಬಾಗಿಲಿನಿಂದ ಒಳಹೊಕ್ಕು ಎಂಟೂ ಕೋಣೆಯಲ್ಲಿ ಚಾಪೆ ಹಾಸಿದೆ.

5 ಗಿಗಾಹರ್ಟ್ಸ್‌ನಲ್ಲಿ 160 ಅಗಲ ಎಲ್ಲಿ ಇಟ್ಟರೂ ಇದೇ ಕಥೆ. ಒಂದು ಜಾಗ 36ರಿಂದ 64, ಇನ್ನೊಂದು 100ರಿಂದ 128. ಮೊದಲನೆಯದರ ಅರ್ಧ ಡಿಎಫ್‌ಎಸ್, ಎರಡನೆಯದು ಪೂರ್ತಿ ಡಿಎಫ್‌ಎಸ್.

ಇನ್ನು ಕಡಿಯುವುದು ಯಾಕೆ ಅನ್ನುವುದು. ನಿಮ್ಮ ಲಾಗನ್ನೇ ಒಂದೊಂದು ಸಾಲಾಗಿ ಓದೋಣ.

7:42ಕ್ಕೆ ರೌಟರ್‌ನ ಚಿಪ್ಪಿಗೆ ರಾಡಾರಿನಂಥ ಬಡಿತ ಕೇಳಿಸಿತು. ಹಾಗೆ ಕೇಳಿಸಿದರೆ ಹತ್ತು ಸೆಕೆಂಡಿನೊಳಗೆ ಆ ಜಾಗ ಬಿಡಲೇಬೇಕು ಅಂತ ನಿಯಮ. ಆ ಹತ್ತು ಸೆಕೆಂಡೂ ಮಾತಾಡುತ್ತಾ ಇರುವ ಹಾಗಿಲ್ಲ. ಡೇಟಾ ಬಿಡಲಿಕ್ಕೆ ಇರುವುದು ಸೆಕೆಂಡಿನ ಒಂದು ಚೂರು, ಉಳಿದಂತೆ "ನಾವು ಇಂಥ ಚಾನೆಲ್ಲಿಗೆ ಹೋಗುತ್ತಿದ್ದೇವೆ, ಬನ್ನಿ" ಅನ್ನುವ ಪುಟ್ಟ ಸೂಚನೆ ಮಾತ್ರ. ಒಂದು ಕೋಣೆಯಲ್ಲಿ ಕೇಳಿಸಿದ್ದಕ್ಕೆ ಎಂಟು ಕೋಣೆಯೂ ಖಾಲಿ, ಯಾಕೆಂದರೆ ಅಗಲ 160 ಅಂತ ನೀವು ಹಠ ಹಿಡಿದಿದ್ದೀರಿ.

ಹೋಗುವುದೆಲ್ಲಿಗೆ? 160 ಬೇಕಾದರೆ ಉಳಿದದ್ದು 100ರ ಗುಂಪು. ಅದೂ ರಾಡಾರಿನ ಮನೆ. ಅಲ್ಲಿ ಬಾಯಿ ತೆರೆಯುವ ಮೊದಲು 60 ಸೆಕೆಂಡು ಸುಮ್ಮನೆ ಕೂತು ಕಿವಿಗೊಡಬೇಕು. ಆ ಹೊತ್ತಿನಲ್ಲಿ ರೌಟರ್ ತನ್ನ ಹೆಸರನ್ನೂ ಕೂಗುವಂತಿಲ್ಲ. ನಿಮ್ಮ ಫೋನಿನ ಪಟ್ಟಿಯಿಂದ ಹೆಸರು ಮಾಯವಾಗುವುದು ಇದೇ ನಿಮಿಷದಲ್ಲಿ. 7:43ಕ್ಕೆ ಕಿವಿಗೊಟ್ಟು ಮುಗಿಯಿತು, ಹೆಸರು ವಾಪಸ್ ಬಂತು.

ರಾಡಾರ್ ಕೇಳಿಸಿದ ಜಾಗಕ್ಕೆ 30 ನಿಮಿಷ ಬೀಗ. 8:12ಕ್ಕೆ ಬೀಗ ತೆಗೆಯಿತು. ನಿಮ್ಮ ರೌಟರಿಗೆ ಒಂದು ಚಾಳಿ ಉಂಟು, ನೀವು ಹೇಳಿದ 36ಕ್ಕೇ ವಾಪಸ್ ಹೋಗಬೇಕು ಅಂತ ಅದರ ಹಠ. ಬೀಗ ತೆಗೆದ ಮೂರೇ ಸೆಕೆಂಡಿಗೆ ಹೊರಟಿದೆ. ಅಲ್ಲಿ ಮತ್ತೆ 60 ಸೆಕೆಂಡು ಮೌನ. ಅಂದರೆ 8:12ರ ಕಡಿತಕ್ಕೆ ರಾಡಾರ್ ಕಾರಣವೇ ಅಲ್ಲ, ಮನೆಗೆ ಮರಳುವ ಆತುರ ಕಾರಣ. ಒಂದು ಸಲ ರಾಡಾರ್ ಕೇಳಿಸಿದರೆ ನಿಮಗೆ ಎರಡು ಸಲ ಕರೆ ಕಡಿಯುತ್ತದೆ.

ನಾಳೆ ಅಗಲ 80 ಮಾಡಿ, ಚಾನೆಲ್ 36ರಲ್ಲೇ ಇರಲಿ. ಏನಾಯಿತು ಅಂತ ಇಲ್ಲಿ ಬರೆಯಿರಿ.

ಮುಳ್ಳೇರಿಯದ ವಿದ್ಯಾ · ರಾತ್ರಿ 11:34

ಶೆಟ್ರೇ, ನೀವು ಹೇಳಿದ ಹತ್ತು ನಿಮಿಷ ನಿಜವೇ. ಆದರೆ ಅದು ಯುರೋಪಿನ ನಿಯಮ, ಅಲ್ಲೂ 5600ರಿಂದ 5650ರ ನಡುವಿನ ಜಾಗವನ್ನು ಮುಟ್ಟುವ ಚಾನೆಲ್ಲಿಗೆ ಮಾತ್ರ. ಮಳೆ ನೋಡುವ ರಾಡಾರುಗಳು ಅಲ್ಲಿ ಇರುವುದರಿಂದ ಜಾಸ್ತಿ ಹೊತ್ತು ಕೇಳಿಸಿಕೊಳ್ಳಬೇಕು. ಉಳಿದ ಡಿಎಫ್‌ಎಸ್ ಚಾನೆಲ್‌ಗಳಿಗೆ ಅಲ್ಲೂ ಒಂದೇ ನಿಮಿಷ.

ಇಲ್ಲಿ ಮಾರುವ ರೌಟರಿಗೆ ಡಿಎಫ್‌ಎಸ್ ಇಲ್ಲ ಅಂದದ್ದು ಮಾತ್ರ ಸರಿಯಲ್ಲ. ಹಳೇ ರೌಟರುಗಳು ಆ ಚಾನೆಲ್‌ಗಳನ್ನೇ ತೋರಿಸುತ್ತಿರಲಿಲ್ಲ, ಹಾಗಾಗಿ ನಿಮಗೆ ಹಾಗೆ ಅನಿಸಿದ್ದು. 2018ರಲ್ಲಿ ನಮ್ಮಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲಿಕ್ಕೆ ಬಿಟ್ಟರು. ಆಮೇಲೆ ಬಂದ ರೌಟರುಗಳಲ್ಲಿ 52ರಿಂದ ಮೇಲಿನದ್ದೂ ಸಿಗುತ್ತದೆ, ಜೊತೆಗೆ ಡಿಎಫ್‌ಎಸ್ಸೂ ಬರುತ್ತದೆ.

ದೇಶ ಬದಲಾಯಿಸಿ ಅನ್ನುವ ಸಲಹೆ ದಯವಿಟ್ಟು ಯಾರಿಗೂ ಕೊಡಬೇಡಿ. ನಿಯಮ ತಪ್ಪುವುದು ಒಂದು ಮಾತು. ಮಳೆ ರಾಡಾರಿನ ಚಿತ್ರದಲ್ಲಿ ಒಂದು ವೈಫೈ ರೇಡಿಯೋ ಏನು ಮಾಡುತ್ತದೆ ಅಂತ ಒಮ್ಮೆ ನೋಡಿದರೆ ನಿಮಗೇ ಬೇಡ ಅನಿಸುತ್ತದೆ. ರಾಡಾರಿನಿಂದ ಆ ರೇಡಿಯೋ ಇರುವ ದಿಕ್ಕಿಗೆ ಒಂದು ಉದ್ದದ ಗೆರೆ, ಬೀಸಣಿಗೆಯ ಕಡ್ಡಿಯ ಹಾಗೆ. ಆ ಗೆರೆಯ ಹಿಂದೆ ನಿಜವಾದ ಮಳೆ ಇದ್ದರೂ ತಿಳಿಯುವುದಿಲ್ಲ.

ಸಿಗ್ನಲ್ ಶೆಟ್ಟಿ · ರಾತ್ರಿ 11:50

ಸರಿ ಅಕ್ಕಾ, ಒಪ್ಪಿದೆ. ದೇಶದ ವಿಷಯ ವಾಪಸ್ ತಗೊಂಡೆ. ಆದರೆ ಉಪ್ಪಳದಲ್ಲಿ ರಾಡಾರ್ ಎಲ್ಲಿಂದ ಬರಬೇಕು ಹೇಳಿ? ಮೀನಿನ ಬೋಟುಗಳದ್ದೇ ಇರಬೇಕು. ಸಂಜೆ ಬೋಟು ಹೊರಡುವ ಹೊತ್ತಿಗೂ ಇವರ ವೈಫೈ ಹೋಗುವ ಹೊತ್ತಿಗೂ ತಾಳೆ ಆಗುತ್ತದೆ. ಇಲ್ಲವಾದರೆ ವಿಮಾನ. ಬಜ್ಪೆ ಅಲ್ಲೇ ಉಂಟಲ್ಲ.

ಹ್ಯಾಮ್ ಪೈ · ಭಾನುವಾರ ಬೆಳಿಗ್ಗೆ 7:15

ಬೋಟು, ಹಡಗು ದಾರಿ ನೋಡಲಿಕ್ಕೆ ಇಟ್ಟುಕೊಳ್ಳುವ ರಾಡಾರ್ 9 ಗಿಗಾಹರ್ಟ್ಸ್ ಚಿಲ್ಲರೆಯಲ್ಲಿ ಇರುತ್ತದೆ. ದೊಡ್ಡ ಹಡಗಿನಲ್ಲಿ ಅದರ ಜೊತೆ 3 ಗಿಗಾಹರ್ಟ್ಸ್‌ನದ್ದೂ ಇರಬಹುದು. ಎರಡೂ 5ರ ಹತ್ತಿರ ಬರುವುದಿಲ್ಲ. ವಿಮಾನ ನಿಲ್ದಾಣದವರು ವಿಮಾನ ಹುಡುಕುವ ರಾಡಾರ್ 3ಕ್ಕಿಂತ ಕೆಳಗೆ. ವಿಮಾನದ ಮೂತಿಯಲ್ಲಿ ಮೋಡ ನೋಡಲಿಕ್ಕೆ ಇರುವುದು ಹೆಚ್ಚಿನದರಲ್ಲಿ ಮತ್ತೆ 9ರ ಸುತ್ತ. ಹಾಗಾಗಿ ಬೋಟಿನವರನ್ನು ಬಿಟ್ಟುಬಿಡಿ ಶೆಟ್ರೇ, ಪಾಪ.

ಮಳೆ ರಾಡಾರ್ ಅಂತ ಹೇಳುವುದೂ ಕಷ್ಟ. ಕೊಚ್ಚಿಯದ್ದು ಎಸ್ ಬ್ಯಾಂಡ್, ಅಂದರೆ 3ರ ಹತ್ತಿರ. ತಿರುವನಂತಪುರದ್ದು ಸಿ ಬ್ಯಾಂಡ್, ಆದರೆ ಅದು ಕೇರಳದ ಆ ತುದಿ, ನಾವು ಈ ತುದಿ. ಅದಕ್ಕಿಂತ ದೊಡ್ಡ ಮಾತು, ಸಿ ಬ್ಯಾಂಡಿನ ಮಳೆ ರಾಡಾರುಗಳು ಸಾಮಾನ್ಯವಾಗಿ 5600ರ ಮೇಲೆ ಇರುತ್ತವೆ. ಅಂದರೆ 120, 124, 128 ಚಾನೆಲ್. ಪ್ರಸಾದರ ರೌಟರ್ ಓಡಿಹೋದದ್ದು 52ರಿಂದ 64ರ ಜಾಗದಿಂದ. ಓಡಿಹೋಗಿ ಕೂತದ್ದು 100ರಿಂದ 128ರಲ್ಲಿ, ಅರ್ಧ ಗಂಟೆ ಆರಾಮಾಗಿ. ಮಳೆ ರಾಡಾರ್ ಆಗಿದ್ದರೆ ಉಲ್ಟಾ ಆಗಬೇಕಿತ್ತು.

ಉಳಿದದ್ದು ಸೇನೆ, ನೌಕಾಪಡೆಯ ರಾಡಾರ್. ಕೆಲವು ಈ ಜಾಗದಲ್ಲೇ ಕೆಲಸ ಮಾಡುತ್ತವೆ. ಸಮುದ್ರದ ಕಡೆಯಿಂದ ಬರಲೂಬಹುದು. ಬೇಸಿಗೆಯ ಸಂಜೆ ನಮ್ಮ ಕರಾವಳಿಯಲ್ಲಿ ನೀರಿನ ಮೇಲೆ ಗಾಳಿ ಪದರ ಪದರವಾಗಿ ನಿಲ್ಲುತ್ತದೆ. ಆಗ ರೇಡಿಯೋ ಅಲೆ ಮೇಲಕ್ಕೆ ಹೋಗದೆ ಕೊಳವೆಯೊಳಗೆ ಹರಿದ ಹಾಗೆ ನೀರಿನ ಮೈಗೇ ಅಂಟಿಕೊಂಡು ದೂರ ಬರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನನ್ನ ಹ್ಯಾಮ್ ಸೆಟ್ಟಿಗೆ ಮಾಮೂಲಾಗಿ ಸಿಗದ ದೂರದ ಸ್ಟೇಷನ್‌ಗಳು ಸಿಗುವುದು ಇದರಿಂದಲೇ.

ಮುಳ್ಳೇರಿಯದ ವಿದ್ಯಾ · ಬೆಳಿಗ್ಗೆ 8:30

ಪೈಗಳು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ರಾಡಾರೇ ಇಲ್ಲದಿರಲೂಬಹುದು.

ಚಿಪ್ಪಿಗೆ ರಾಡಾರ್ ಅಂತ ಬರೆದ ಬೋರ್ಡೇನೂ ಕಾಣುವುದಿಲ್ಲ. ವೈಫೈ ಅಂತ ಬಿಡಿಸಿ ಓದಲಿಕ್ಕಾಗದ ಚಿಕ್ಕ ಚಿಕ್ಕ ಬಡಿತ ಕಂಡರೆ ಅದು ಎಷ್ಟು ಉದ್ದ, ಎಷ್ಟು ಹೊತ್ತಿಗೊಮ್ಮೆ ಅಂತ ಅಳೆಯುತ್ತದೆ. ಮೈಕ್ರೋಸೆಕೆಂಡ್ ಲೆಕ್ಕದ ಬಡಿತ, ಒಂದು ಎರಡು ಮಿಲಿಸೆಕೆಂಡಿಗೊಮ್ಮೆ ತಾಳ ತಪ್ಪದೆ ಬಂದರೆ ರಾಡಾರ್. ಅಂಥ ಕೆಲವೇ ಬಡಿತ ಸಿಕ್ಕಿದರೆ ಸಾಕು, ತೀರ್ಮಾನ ಆಗಿಹೋಯಿತು. ಎರಡನೇ ಸಲ ಕೇಳಿ ಖಚಿತ ಮಾಡಿಕೊಳ್ಳೋಣ ಅನ್ನುವಂತಿಲ್ಲ, ತಿರುಗುವ ರಾಡಾರ್ ಒಂದು ಸುತ್ತಿನಲ್ಲಿ ನಿಮ್ಮ ಕಡೆ ನೋಡುವುದು ಒಂದು ಕ್ಷಣ.

ಎಡವಟ್ಟು ಆಗುವುದು ಇಲ್ಲೇ. ರೌಟರಿಗೆ ತೀರಾ ಹತ್ತಿರ ಇರುವ ಲ್ಯಾಪ್‌ಟಾಪ್ ಜೋರಾಗಿ ಫೈಲ್ ಕಳಿಸುತ್ತಿದ್ದರೆ ಅದರ ಮುರಿದ ಪ್ಯಾಕೆಟ್‌ನ ಚೂರುಗಳೂ ಬಡಿತದ ಹಾಗೆ ಕಾಣುತ್ತವೆ. ಪಕ್ಕದ ಚಾನೆಲ್ಲಿನ ಇನ್ನೊಂದು ರೌಟರ್, ಗುಡ್ಡದಿಂದ ಗುಡ್ಡಕ್ಕೆ ಹಾಕಿದ ವೈರ್‌ಲೆಸ್ ಲಿಂಕು, ಇವೂ ಆಗಬಹುದು. ನಾನು ನೋಡಿಕೊಳ್ಳುವ ಒಂದು ಕ್ಯಾಂಪಸ್ಸಿನಲ್ಲಿ ಒಂದೇ ಒಂದು ಆಕ್ಸೆಸ್ ಪಾಯಿಂಟ್ ದಿನಾ ಮಧ್ಯಾಹ್ನ ರಾಡಾರ್ ಅನ್ನುತ್ತಿತ್ತು. ಹತ್ತು ಮೀಟರ್ ಆಚೆಯದ್ದಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಎರಡನ್ನೂ ಅದಲುಬದಲು ಮಾಡಿ ಹಾಕಿದೆ. ರಾಡಾರೂ ಆ ಡಬ್ಬಿಯ ಜೊತೆಗೇ ಬಂತು!

ಪ್ರಸಾದರೇ, ಪತ್ತೆ ಮಾಡಬೇಕು ಅನಿಸಿದರೆ ಹೀಗೆ ಮಾಡಿ. ಮೊದಲು ಎರಡು ಸಂಜೆ 36ರಲ್ಲಿ, ಅಗಲ 80. ಆಮೇಲೆ ಬೇಕಂತಲೇ 52ರಲ್ಲಿ, ಅಗಲ 80, ಎರಡು ಸಂಜೆ. ಕೊನೆಗೆ ಅದೇ 52, ಆದರೆ ರೌಟರನ್ನು ಕಿಟಕಿಯಿಂದ ತೆಗೆದು ಮನೆಯ ಒಳಗಿಟ್ಟು ಎರಡು ಸಂಜೆ. ಸಾಧ್ಯವಾದರೆ ಹತ್ತಿರದ ಯಾರಾದರೂ ಅವರ ರೌಟರನ್ನೂ ಅದೇ ದಿನ 52ರಲ್ಲಿ ಇಡಲಿ. ನಿಜವಾದ ರಾಡಾರ್ ಆದರೆ ಇಬ್ಬರ ಲಾಗಿನಲ್ಲೂ ಒಂದೇ ನಿಮಿಷಕ್ಕೆ ಬರಬೇಕು.

ಬದಿಯಡ್ಕದ ಭಟ್ರು · ಬೆಳಿಗ್ಗೆ 9:05

ನನ್ನದೂ ಒಂದು ಕೇಳಿ. ಮನೆ ಗುಡ್ಡದ ಮೇಲೆ, ತೋಟ ಕೆಳಗೆ. ಪಂಪ್ ಶೆಡ್ಡಿನಲ್ಲಿ ಎರಡು ಕ್ಯಾಮರಾ. ಅಡಿಕೆ ಒಣಗಲು ಹಾಕಿದ ಅಂಗಳವೂ ಅದರಲ್ಲಿ ಕಾಣುತ್ತದೆ. ಮನೆಯಿಂದ ಅಲ್ಲಿಗೆ ಆ ಬಿಳಿ ತಟ್ಟೆಯ ಹಾಗಿನ ವೈರ್‌ಲೆಸ್ ಹಾಕಿಸಿದ್ದೇನೆ, ಒಂದು ಕಿಲೋಮೀಟರ್ ಇದ್ದೀತು. ಕರೆಂಟ್ ಹೋಗಿ ಬಂದರೆ ಪಂಪಿಗೆ ಆಗಲೇ ಜೀವ ಬರುತ್ತದೆ, ಕ್ಯಾಮರಾ ಮಾತ್ರ ಎರಡು ಮೂರು ನಿಮಿಷ ಬರುವುದಿಲ್ಲ. ಹಾಕಿದ ಹುಡುಗನಿಗೆ ಹೇಳಿದರೆ "ಭಟ್ರೇ ಅದು ಹಾಗೇ" ಅಂತಾನೆ. ಇದೂ ನಿಮ್ಮ ರಾಡಾರೇ?

ಮುಳ್ಳೇರಿಯದ ವಿದ್ಯಾ · ಬೆಳಿಗ್ಗೆ 9:40

ಭಟ್ರೇ, ರಾಡಾರ್ ಅಲ್ಲ, ಆದರೆ ರಾಡಾರಿನ ಭಯ ಇರಬಹುದು. ಲಿಂಕು 100ರ ಮೇಲಿನ ಯಾವುದೋ ಚಾನೆಲ್ಲಿನಲ್ಲಿ ಇದ್ದರೆ ಪ್ರತಿ ಸಲ ಆನ್ ಆದಾಗಲೂ ಆ 60 ಸೆಕೆಂಡಿನ ಕಿವಿಗೊಡುವ ಕೆಲಸ ಆಗಲೇಬೇಕು. ಬೂಟ್ ಆಗುವ ಹೊತ್ತೂ ಸೇರಿದರೆ ನೀವು ಹೇಳುವ ಲೆಕ್ಕಕ್ಕೆ ಬರುತ್ತದೆ. 149ರಿಂದ 165ರ ಒಳಗೆ ಹಾಕಲಿಕ್ಕೆ ಆ ಹುಡುಗನಿಗೆ ಹೇಳಿ. ನಮ್ಮ ದೇಶದಲ್ಲಿ ಅಲ್ಲಿ ಡಿಎಫ್‌ಎಸ್ ಇಲ್ಲ. ಆದರೆ ಎಲ್ಲರೂ ಲಿಂಕು ಹಾಕುವುದು ಅಲ್ಲೇ, ಗಲಾಟೆ ಇರಬಹುದು. ಹಾಕುವ ಮೊದಲು ಒಂದು ಸ್ಕ್ಯಾನ್ ಮಾಡಿ ಖಾಲಿ ಇದ್ದದ್ದು ಆರಿಸಲಿ.

ಬದಿಯಡ್ಕದ ಭಟ್ರು · ಬೆಳಿಗ್ಗೆ 9:44

ಆಯ್ತು ಮಗಳೇ, ಹೇಳಿ ನೋಡುತ್ತೇನೆ. ಅವನು ಫೋನ್ ತೆಗೆಯುವುದೇ ವಾರಕ್ಕೊಮ್ಮೆ.

ಉಪ್ಪಳದ ಪ್ರಸಾದ · ಮಂಗಳವಾರ ರಾತ್ರಿ 10:30

ವರದಿ. ಭಾನುವಾರ, ಸೋಮವಾರ ಎರಡೂ ಸಂಜೆ 36ರಲ್ಲಿ, ಅಗಲ 80. ಲಾಗಿನಲ್ಲಿ ಡಿಎಫ್‌ಎಸ್ ಅನ್ನುವ ಅಕ್ಷರವೇ ಇಲ್ಲ. ಒಂದೂ ಕರೆ ಕಡಿಯಲಿಲ್ಲ.

ಮತ್ತೆ ವೇಗ. ನಾಚಿಕೆ ಬಿಟ್ಟು ಹೇಳುತ್ತೇನೆ, ಲ್ಯಾಪ್‌ಟಾಪ್ 160ರಲ್ಲಿ 2402 ಅಂತ ತೋರಿಸುತ್ತಿತ್ತು, ಈಗ 1201. ನನ್ನ ಫೈಬರ್ ಪ್ಲಾನ್ ಇರುವುದು 100 ಎಂಬಿಪಿಎಸ್. ಎರಡು ತಿಂಗಳು ಯಾವ ಸುಖಕ್ಕೆ ಒದ್ದಾಡಿದೆನೋ!

ಇವತ್ತು 52ಕ್ಕೆ ಹಾಕಿದ್ದೇನೆ. 7:30ಕ್ಕೆ ಒಂದು, 8:50ಕ್ಕೆ ಇನ್ನೊಂದು ಸಲ ಸಿಕ್ಕಿಬಿದ್ದಿದೆ. ಆದರೆ ಒಂದು ವಿಚಿತ್ರ. ಈ ಸಲ ರೌಟರ್ 36ಕ್ಕೆ ಹಾರಿತು, ಲ್ಯಾಪ್‌ಟಾಪಿನಲ್ಲಿ ಕರೆ ಒಂದೆರಡು ಸೆಕೆಂಡು ಗರಗರ ಅಂದು ಮುಂದುವರಿಯಿತು. ಫೋನ್ ಮಾತ್ರ 2.4ಕ್ಕೆ ಹೋಗಿ ಅಲ್ಲೇ ಕೂತಿತು, ಎಷ್ಟೋ ಹೊತ್ತು ವಾಪಸ್ ಬರಲಿಲ್ಲ.

ಮುಳ್ಳೇರಿಯದ ವಿದ್ಯಾ · ರಾತ್ರಿ 10:55

ವಿಚಿತ್ರ ಅಲ್ಲ. 36ರಲ್ಲಿ ಕಿವಿಗೊಡುವ ನಿಯಮ ಇಲ್ಲ, ಹೋದ ಕೂಡಲೇ ಮಾತಾಡಬಹುದು. ಅದಕ್ಕೇ ಆ ಒಂದು ನಿಮಿಷ ಉಳಿಯಿತು. "ಬನ್ನಿ" ಅನ್ನುವ ಸೂಚನೆ ಲ್ಯಾಪ್‌ಟಾಪಿಗೆ ಕೇಳಿಸಿತು, ಜೊತೆಗೇ ಹೋಯಿತು. ಫೋನಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿದರೂ ಅದು ಲೆಕ್ಕಕ್ಕೆ ತಗೊಳ್ಳಲಿಲ್ಲ. ಕೈಬಿಟ್ಟು ಹೋದ ಮೇಲೆ 2.4 ಸಿಕ್ಕಿತು, ಅದರಲ್ಲೇ ತೃಪ್ತಿ.

ಡಿಎಫ್‌ಎಸ್ ಚಾನೆಲ್ಲಿಗೆ ವಾಪಸ್ ಬರುವಾಗ ಇನ್ನೂ ನಿಧಾನ. ಬೇರೆ ಚಾನೆಲ್ಲಿನಲ್ಲಿ ಫೋನ್ ತಾನೇ "ಯಾರಿದ್ದೀರಿ?" ಅಂತ ಕೂಗಿ ಕೇಳುತ್ತದೆ. ಡಿಎಫ್‌ಎಸ್‌ನಲ್ಲಿ ಫೋನ್ ಕೂಗುವಂತಿಲ್ಲ. ರೌಟರ್ ಸೆಕೆಂಡಿಗೆ ಹತ್ತರ ಹಾಗೆ ತನ್ನ ಹೆಸರು ಹೇಳುತ್ತಿರುತ್ತದಲ್ಲ, ಅದು ಕಿವಿಗೆ ಬೀಳುವ ತನಕ ಒಂದೊಂದು ಚಾನೆಲ್ಲಿನಲ್ಲೂ ಕಾಯಬೇಕು. ಬ್ಯಾಟರಿ ಉಳಿಸಲಿಕ್ಕೆ ಫೋನುಗಳು ಅಷ್ಟು ಕಾಯುವುದಿಲ್ಲ.

ಸಿಗ್ನಲ್ ಶೆಟ್ಟಿ · ರಾತ್ರಿ 11:02

ಪ್ರಸಾದರೇ, ನಾನು ನಯಾಬಜಾರಿನಲ್ಲೇ ಇರುವುದು, ನಿಮ್ಮಿಂದ ದೂರ ಏನಲ್ಲ. ನಾಳೆ ನನ್ನದನ್ನೂ 52ರಲ್ಲಿ ಇಡುತ್ತೇನೆ. ನನ್ನದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಉಂಟು, ಲಾಗ್ ನೋಡುವುದು ಸುಲಭ:

```
logread | grep DFS-
```

ಉಪ್ಪಳದ ಪ್ರಸಾದ · ಶುಕ್ರವಾರ ರಾತ್ರಿ 10:15

ಮುಂದಿನ ಕಂತು. ಬುಧವಾರ ಕಿಟಕಿಯಲ್ಲಿ, 52ರಲ್ಲಿ: ನನಗೆ ಮೂರು ಸಲ. ಶೆಟ್ರಿಗೆ ಒಂದು ಸಲ, 8:21ಕ್ಕೆ. ನನ್ನ ಮೂರರಲ್ಲಿ ಒಂದು 8:21. ಇಬ್ಬರೂ ಫೋನಿನಲ್ಲಿ ಕಿರುಚಿಕೊಂಡೆವು.

ಗುರುವಾರ, ಶುಕ್ರವಾರ ರೌಟರನ್ನು ಕೆಳಗಿನ ಚಾವಡಿಗೆ ತಂದೆ, ಸಮುದ್ರದ ಕಡೆಗೆ ಎರಡು ಗೋಡೆ ಅಡ್ಡ. ಎರಡು ಸಂಜೆ ಸೇರಿ ನನಗೆ ಒಂದೇ ಸಲ, ಅದು ಶೆಟ್ರ ಲಾಗಿನಲ್ಲಿ ಇಲ್ಲ. ಶೆಟ್ರಿಗೆ ಗುರುವಾರ ಒಂದು, ಅದು ನನ್ನಲ್ಲಿ ಇಲ್ಲ.

ಹ್ಯಾಮ್ ಪೈ · ರಾತ್ರಿ 10:40

8:21 ಇಬ್ಬರಿಗೂ ಬಂದದ್ದು ನಿಜವಾದ ರಾಡಾರ್ ಅಂತ ನಾನು ಪಣ ಕಟ್ಟುತ್ತೇನೆ. ಬೇರೆ ಬೇರೆ ಮನೆ, ಬೇರೆ ಬೇರೆ ಚಿಪ್ಪು, ಒಂದೇ ನಿಮಿಷ. ಒಳಗೆ ತಂದ ಮೇಲೆ ಕಮ್ಮಿಯಾದದ್ದೂ ಅದಕ್ಕೆ ಸರಿಹೊಂದುತ್ತದೆ. ಮೈನಸ್ 62, 64 ಡಿಬಿಎಂ ಮೇಲೆ ಬಂದ ಬಡಿತವನ್ನು ಮಾತ್ರ ಹಿಡಿದರೆ ಸಾಕು ಅಂತ ರೌಟರಿಗೆ ನಿಯಮ. ಎರಡು ಗೋಡೆ ದಾಟಿದರೆ ಅದಕ್ಕಿಂತ ಕೆಳಗೆ ಬೀಳುತ್ತದೆ.

ಮುಳ್ಳೇರಿಯದ ವಿದ್ಯಾ · ರಾತ್ರಿ 11:10

ಪೈಗಳೇ, ಒಂದು ಸಲ ತಾಳೆಯಾದದ್ದಕ್ಕೆ ನಾನು ಪಣ ಕಟ್ಟುವುದಿಲ್ಲ. ಇಬ್ಬರದ್ದು ಸೇರಿ ಐದು ಬೇರೆ ಬೇರೆ ಹೊತ್ತು ಬಂದಿದೆ, ತಾಳೆ ಒಂದೇ. ಆ ಒಂದು ನಿಜ ಇರಬಹುದು. ಉಳಿದ ನಾಲ್ಕರಲ್ಲಿ ಕೆಲವಾದರೂ ಸುಳ್ಳು ಅಂತ ನನ್ನ ಅನುಮಾನ.

ಪ್ರಸಾದರೇ, ಕಿಟಕಿಯಲ್ಲಿ ಇದ್ದಾಗ ನಿಮ್ಮ ಲ್ಯಾಪ್‌ಟಾಪ್ ರೌಟರಿನಿಂದ ಎಷ್ಟು ದೂರ ಇತ್ತು?

ಉಪ್ಪಳದ ಪ್ರಸಾದ · ರಾತ್ರಿ 11:14

ಒಂದು ಮಾರು ಇದ್ದೀತು. ಮೇಜು ಕಿಟಕಿಗೆ ಒರಗಿಸಿಯೇ ಇರುವುದು. ಹಾಂ, ಇನ್ನೊಂದು. ಆಫೀಸಿನ ಬ್ಯಾಕಪ್ ಏಳು ಗಂಟೆಗೆ ಶುರುವಾಗುತ್ತದೆ...

ಮುಳ್ಳೇರಿಯದ ವಿದ್ಯಾ · ರಾತ್ರಿ 11:16

ಇದನ್ನು ಮೊದಲ ದಿನವೇ ಹೇಳುವುದಲ್ವಾ!

ಒಳಗೆ ತಂದಾಗ ಎರಡು ಬದಲಾದವು. ಸಮುದ್ರಕ್ಕೆ ಗೋಡೆ ಅಡ್ಡ ಬಂತು, ಲ್ಯಾಪ್‌ಟಾಪೂ ದೂರವಾಯಿತು. ಯಾವುದರಿಂದ ಕಮ್ಮಿಯಾಯಿತು ಅಂತ ಈಗ ಹೇಳಲಿಕ್ಕಾಗುವುದಿಲ್ಲ. ಇದು ನನ್ನ ತಪ್ಪೂ ಹೌದು, ಕೇಳಬೇಕಿತ್ತು. ಇನ್ನೊಂದು ಸಲ ಕಿಟಕಿಯಲ್ಲೇ ಇಟ್ಟು, ಬ್ಯಾಕಪ್ಪನ್ನು ಒಂದು ದಿನ ಬೆಳಿಗ್ಗೆಗೆ ಹಾಕಿ ನೋಡಬೇಕು.

ಉಪ್ಪಳದ ಪ್ರಸಾದ · ರಾತ್ರಿ 11:25

ಸೋಮವಾರದಿಂದ ನನಗೆ ರಿಲೀಸ್ ಇದೆ ಅಕ್ಕಾ, 36ರಲ್ಲಿ 80 ಇಟ್ಟು ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತೇನೆ. ಹಳೇ ರೌಟರ್ ಒಂದು ಅಟ್ಟದಲ್ಲಿ ಉಂಟು. ಅದನ್ನು ಕಿಟಕಿಯಲ್ಲಿ 52ಕ್ಕೆ ಹಾಕಿ, ಯಾವ ಲ್ಯಾಪ್‌ಟಾಪೂ ಫೋನೂ ಸೇರಿಸದೆ ಸುಮ್ನೆ ಬಿಡುತ್ತೇನೆ. ಅದಕ್ಕೂ ಕೇಳಿಸಿದರೆ ಬ್ಯಾಕಪ್ಪಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಹ್ಯಾಮ್ ಪೈ · ರಾತ್ರಿ 11:31

ಬೇಗ ಮಾಡಿ ಮಾರಾಯ್ರೇ. ಮಳೆ ಹಿಡಿದರೆ ನೀರಿನ ಮೇಲಿನ ಆ ಗಾಳಿಯ ಪದರ ಕಲಸಿಹೋಗುತ್ತದೆ. ಆಮೇಲೆ ಏನೂ ಕೇಳಿಸದಿದ್ದರೆ ವಿದ್ಯಾ ಗೆದ್ದರೋ ನಾನು ಸೋತೆನೋ ಗೊತ್ತಾಗುವುದಿಲ್ಲ.

ಬದಿಯಡ್ಕದ ಭಟ್ರು · ಶನಿವಾರ ಬೆಳಿಗ್ಗೆ 6:50

ಹುಡುಗ ಬಂದಿದ್ದ. 157 ಅಂತ ಏನೋ ಹಾಕಿ ಹೋದ. ನಿನ್ನೆ ರಾತ್ರಿ ಕರೆಂಟ್ ಹೋಗಿ ಬಂತು, ಕ್ಯಾಮರಾ ಬೇಗ ಬಂತು. ಆದರೆ ಈಗ ಚಿತ್ರ ನಡುನಡುವೆ ತುಂಡು ತುಂಡಾಗುತ್ತದೆ. ಎದುರು ಗುಡ್ಡದವರದ್ದೂ ಇಂಥದ್ದೇ ಒಂದು ತಟ್ಟೆ ಉಂಟು, ನಮ್ಮ ಕಡೆಗೇ ಮುಖ ಮಾಡಿದೆ. ಅವರದ್ದು ಯಾವ ನಂಬರ್ ಅಂತ ಹೋಗಿ ಕೇಳಬೇಕು.